9 ಅಡಿ ರೂಮಿಗೆ ಫಾಲ್ಸ್ ಸೀಲಿಂಗ್ ಮತ್ತು ಕೋವ್ ಲೈಟ್: ಪದೇ ಪದೇ ಕೇಳುವ ಪ್ರಶ್ನೆಗಳು

ಕೋವ್ ಲೈಟ್ ಎಂದರೆ ಇಳಿಸಿದ ಸೀಲಿಂಗಿನ ಅಂಚಿನಲ್ಲಿ ಮರೆಯಾಗಿಟ್ಟ ಎಲ್‌ಇಡಿ ಸ್ಟ್ರಿಪ್ಪಿನಿಂದ ಮೇಲಿನ ಸ್ಲ್ಯಾಬಿಗೆ ಬೀಳುವ ಬೆಳಕು. ಎತ್ತರದ ಹಾಲ್ ಇರುವವರಿಗೆ ಅದು ದೊಡ್ಡ ವಿಷಯವಲ್ಲ. ಒಂದು ಅಡಿ ಇಳಿಸಿದರೂ ಅವರಿಗೆ ಏನೂ ಕಡಿಮೆಯಾಗುವುದಿಲ್ಲ. ಸ್ಲ್ಯಾಬ್ 9 ಅಡಿಯಲ್ಲೇ ಇದ್ದಾಗ ಮಾತ್ರ ಒಂದೊಂದು ಇಂಚೂ ಲೆಕ್ಕಕ್ಕೆ ಬರುತ್ತದೆ. ಇಲ್ಲಿರುವ ಪ್ರಶ್ನೆಗಳೆಲ್ಲ ಅಂಥ ರೂಮುಗಳವರು ಕೇಳಿದವು. ಲೆಕ್ಕ ಸುಲಭವಾಗಲಿ ಎಂದು ಎಲ್ಲ ಉತ್ತರಗಳಿಗೂ ಒಂದೇ ರೂಮನ್ನು ಇಟ್ಟುಕೊಂಡಿದ್ದೇನೆ: 10 ಅಡಿ ಅಗಲ, 12 ಅಡಿ ಉದ್ದ, ಟೈಲ್ಸ್‌ನಿಂದ ಸ್ಲ್ಯಾಬ್‌ಗೆ 9 ಅಡಿ. ಸೆಂಟಿಮೀಟರ್‌ನಲ್ಲಿ ಹೇಳಿದರೆ 305, 366 ಮತ್ತು 274.

## ಶುರುವಿನ ಪ್ರಶ್ನೆಗಳು

ನಮ್ಮ ರೂಮು 9 ಅಡಿ ಎತ್ತರ ಇದೆ. ಫಾಲ್ಸ್ ಸೀಲಿಂಗ್ ಮಾಡಿಸಬಹುದಾ, ಬೇಡವಾ?

ಇಡೀ ರೂಮಿಗೆ ಒಂದೇ ಮಟ್ಟದಲ್ಲಿ ಬೇಡ. ಸುತ್ತ ಗೋಡೆಯ ಪಕ್ಕದಲ್ಲಿ ಮಾತ್ರ ಬಾರ್ಡರ್ ಇಳಿಸಿ, ನಡುವಿನ ಸ್ಲ್ಯಾಬನ್ನು ಹಾಗೇ ಬಿಡಬಹುದು.

ಜಿಪ್ಸಮ್ ಸೀಲಿಂಗನ್ನು ಮಾಮೂಲಿ ಚಾನೆಲ್ ಫ್ರೇಮಿನಲ್ಲಿ ತೂಗುಹಾಕಿದರೆ ಕನಿಷ್ಠ 10 ಸೆಂ.ಮೀ. ಹೋಗುತ್ತದೆ. ಲೈಟು, ವೈರು ಎಲ್ಲ ಸೇರಿದರೆ 15. ನಡುವಿನಲ್ಲೂ ಇಷ್ಟು ಕಳೆದುಕೊಂಡರೆ ನಮಗೆ ಸಿಗುವುದು ಇನ್ನೊಂದು ಚಪ್ಪಟೆ ಸೀಲಿಂಗ್, ಅದೂ ಇನ್ನಷ್ಟು ಕೆಳಗೆ. ಬಾರ್ಡರ್ ಹಾಗಲ್ಲ. ನಾವು ಓಡಾಡುವುದು, ಮಲಗುವುದು ಹೆಚ್ಚಾಗಿ ರೂಮಿನ ನಡುವೆ. ಅಲ್ಲಿ ಪೂರ್ತಿ 9 ಅಡಿ ಉಳಿಯುತ್ತದೆ. ಕೋವ್ ಬೆಳಕು ಆ ನಡುಭಾಗವನ್ನೇ ಬೆಳಗಿಸುವುದರಿಂದ, ಬೆಳಕಿರುವ ಮೇಲ್ಮೈ ಕಣ್ಣಿಗೆ ಸ್ವಲ್ಪ ದೂರ ಸರಿದಂತೆ ಕಾಣುತ್ತದೆ. ಸ್ಲ್ಯಾಬ್ ಎಂಟೂವರೆ ಅಡಿಗಿಂತ ಕೆಳಗಿದ್ದರೆ ಬಾರ್ಡರ್ ಕೂಡ ಬೇಡ. ಅದಕ್ಕೆ ಬೇರೆ ದಾರಿ ಇದೆ, ಕೆಳಗೆ ಹೇಳಿದ್ದೇನೆ.

ಎತ್ತರ ಅಳೆಯೋದರಲ್ಲಿ ಏನಿದೆ? ಪ್ಲಾನ್‌ನಲ್ಲಿ 10 ಅಡಿ ಅಂತಲೇ ಇದೆಯಲ್ಲ?

ಪ್ಲಾನ್‌ನಲ್ಲಿ ಇರುವುದು ಬಹಳ ಸಲ ಒಂದು ಮಹಡಿಯ ನೆಲದಿಂದ ಮುಂದಿನ ಮಹಡಿಯ ನೆಲದವರೆಗಿನ ಅಳತೆ. ಅದರಲ್ಲಿ ಸ್ಲ್ಯಾಬಿನ ದಪ್ಪ, ಟೈಲ್ಸ್, ಅದರ ಕೆಳಗಿನ ಗಾರೆ ಎಲ್ಲ ಸೇರಿರುತ್ತದೆ. ನಮಗೆ ಬೇಕಾದದ್ದು ಹಾಕಿ ಮುಗಿದ ಟೈಲ್ಸಿನ ಮೇಲಿಂದ ಸ್ಲ್ಯಾಬಿನ ಪ್ಲಾಸ್ಟರ್‌ವರೆಗೆ.

ಒಂದೇ ಕಡೆ ಅಳೆದರೆ ಸಾಲದು. ನಾಲ್ಕು ಮೂಲೆ ಮತ್ತು ನಡುವೆ ಅಳೆಯಿರಿ. ಒಂದು ಮೂಲೆಗೂ ಇನ್ನೊಂದಕ್ಕೂ ಒಂದೂವರೆ, ಎರಡು ಸೆಂ.ಮೀ. ವ್ಯತ್ಯಾಸ ಬಂದರೆ ಅಚ್ಚರಿಯಿಲ್ಲ. ಬಾರ್ಡರ್ ಮಟ್ಟವಾಗಿ ನಿಲ್ಲಬೇಕು, ಹಾಗಾಗಿ ಎಲ್ಲ ಲೆಕ್ಕವೂ ಅತಿ ತಗ್ಗಿನ ಮೂಲೆಯಿಂದ ಶುರುವಾಗಬೇಕು. ತೊಲೆ ಇದ್ದರೆ ಅದರ ಕೆಳಗಿನ ಎತ್ತರವನ್ನೂ ಬರೆದುಕೊಳ್ಳಿ.

ಬಾರ್ಡರ್ 2 ಅಡಿ ಅಗಲ ಇಡೋಣ ಅಂತಿದ್ದಾರೆ. ಸರೀನಾ?

ನಮ್ಮ ಅಳತೆಯ ರೂಮಿಗೆ ಅದು ಜಾಸ್ತಿ. 60 ಸೆಂ.ಮೀ. ಬಾರ್ಡರ್ ಇಟ್ಟರೆ ಪೂರ್ತಿ ಎತ್ತರ ಉಳಿಯುವುದು ರೂಮಿನ ನೂರಕ್ಕೆ ಸುಮಾರು 41 ಭಾಗದಲ್ಲಿ ಮಾತ್ರ. 45 ಸೆಂ.ಮೀ. ಇಟ್ಟರೆ 53 ಭಾಗ. 30ಕ್ಕೆ ಇಳಿಸಿದರೆ 67. ಅರ್ಧಕ್ಕಿಂತ ಹೆಚ್ಚು ಜಾಗ ಎತ್ತರದಲ್ಲೇ ಇರಬೇಕು ಎನ್ನುವುದು ನಾನು ಪಾಲಿಸುವ ಗಡಿ. ಅದನ್ನು ದಾಟಿದರೆ ರೂಮಿಗೆ ಬಾರ್ಡರ್ ಇದೆ ಅನಿಸುವುದಿಲ್ಲ. ತಗ್ಗಿನ ಸೀಲಿಂಗಿನಲ್ಲಿ ಒಂದು ಗುಂಡಿ ತೆಗೆದಂತೆ ಕಾಣುತ್ತದೆ.

30 ಸೆಂ.ಮೀ.ನಲ್ಲೂ ಕೋವ್ ಆಗುತ್ತದೆ. ಆದರೆ ಬಾರ್ಡರಿನಲ್ಲಿ ಡೌನ್‌ಲೈಟ್ ಇಟ್ಟರೆ ಅದು ಗೋಡೆಗೆ ತೀರಾ ಹತ್ತಿರವಾಗುತ್ತದೆ. ಗೋಡೆಯ ಮೇಲೆ ಬೆಳಕಿನ ಕಮಾನು ಬೀಳುತ್ತದೆ. ಅದಕ್ಕೇ ಇಲ್ಲಿ 45 ಹಿಡಿಯುತ್ತೇನೆ. ನಡುವಿನ ತೆರವು 215ಕ್ಕೆ 276 ಸೆಂ.ಮೀ. ಆಗುತ್ತದೆ.

ಫ್ಯಾನ್ ಇದ್ದರೆ ಕೋವ್ ಆಗಲ್ಲ ಅಂತಾರೆ, ಹೌದಾ?

ಇಲ್ಲ. ನಡುವೆ ತೆರೆದಿದ್ದರೆ ಎರಡೂ ಚೆನ್ನಾಗಿ ಹೊಂದುತ್ತವೆ. ಫ್ಯಾನನ್ನು ಸ್ಲ್ಯಾಬಿನ ಹುಕ್‌ಗೇ ತೂಗುಹಾಕಬೇಕು, ಜಿಪ್ಸಮ್ ಫ್ರೇಮಿಗೆ ಎಂದೂ ಅಲ್ಲ. ಬ್ಲೇಡು ಸ್ಲ್ಯಾಬಿನಿಂದ 30 ಸೆಂ.ಮೀ. ಕೆಳಗಿದೆ ಎಂದುಕೊಳ್ಳಿ. ಆಗ ಅದು ನೆಲದಿಂದ 244 ಸೆಂ.ಮೀ.ನಲ್ಲಿ, ಅಂದರೆ 8 ಅಡಿಯಲ್ಲಿರುತ್ತದೆ. ಬಾರ್ಡರ್ 18 ಸೆಂ.ಮೀ. ಇಳಿದರೆ ಅದರ ತಳ 256ರಲ್ಲಿ. ಬ್ಲೇಡು ಅದಕ್ಕಿಂತ 12 ಸೆಂ.ಮೀ. ಕೆಳಗಿರುತ್ತದೆ. ಇದು ಬಹಳ ಮುಖ್ಯ. ಚಿಕ್ಕ ರಾಡ್ ಹಾಕಿ ಬ್ಲೇಡನ್ನು ಬಾರ್ಡರಿನ ಒಳಗಿನ ಗುಂಡಿಗೆ ಏರಿಸಿದರೆ, ಗಾಳಿ ಅಲ್ಲೇ ಸುತ್ತುತ್ತದೆ, ಹಾಸಿಗೆಗೆ ಬರುವುದಿಲ್ಲ.

ಕೋವ್ ಬೆಳಕು ಬ್ಲೇಡಿನ ಮೇಲ್ಗಡೆಯೇ ಹರಿದು ಸ್ಲ್ಯಾಬಿಗೆ ಬಡಿಯುತ್ತದೆ. ಹಾಗಾಗಿ ಸೀಲಿಂಗ್ ಮೇಲೆ ತಿರುಗುವ ನೆರಳು ಬೀಳುವುದಿಲ್ಲ. ಕಣ್ಣಿಗೆ ಹಿಂಸೆ ಕೊಡುವುದು ಫ್ಯಾನಿನ ಮೇಲ್ಗಡೆ ಇಟ್ಟ ಡೌನ್‌ಲೈಟ್. 120 ಸೆಂ.ಮೀ. ವ್ಯಾಸದ ಫ್ಯಾನಿನ ರೆಕ್ಕೆ ಈ ರೂಮಿನಲ್ಲಿ ಗೋಡೆಯಿಂದ 92 ಸೆಂ.ಮೀ. ದೂರದಲ್ಲೇ ನಿಲ್ಲುತ್ತದೆ. ಬಾರ್ಡರಿನ ನಡುವೆ ಇಟ್ಟ ಡೌನ್‌ಲೈಟಿಗೂ ಅದಕ್ಕೂ ಸಂಬಂಧವೇ ಬರುವುದಿಲ್ಲ.

## ಕೋವ್ ಬೆಳಕಿನ ಲೆಕ್ಕ

ಕೋವ್‌ಗೆ ಒಂದು ಅಡಿ ಇಳಿಸಲೇಬೇಕು ಅಂತಾರೆ. ನಿಜವಾಗಲೂ ಎಷ್ಟು ಬೇಕು?

18 ಸೆಂ.ಮೀ., ಅಂದರೆ ಏಳು ಇಂಚು ಸಾಕು. ಆ 18 ಹೇಗೆ ಖರ್ಚಾಗುತ್ತದೆ ಎಂದು ತಿಳಿದಿರಬೇಕು, ಅಷ್ಟೇ. ಕೆಳಗಿನ ಬೋರ್ಡು 1.25 ಸೆಂ.ಮೀ. ಅದರ ಮೇಲಿನ ಚಾನೆಲ್ 2.6. ಎರಡೂ ಸೇರಿ ಸುಮಾರು 4. ಅದರ ಮೇಲೆ ಸ್ಟ್ರಿಪ್ಪನ್ನು ಮರೆಮಾಡುವ ಅಂಚುಪಟ್ಟಿ. ಅಂಚುಪಟ್ಟಿಯ ತುದಿಯಿಂದ ಸ್ಲ್ಯಾಬಿನವರೆಗೆ ಬೆಳಕು ಹೊರಬರುವ ಸಂದು.

ಆ ಸಂದು 10 ಸೆಂ.ಮೀ.ಗಿಂತ ಕಡಿಮೆಯಾಗದಂತೆ ನೋಡಿಕೊಳ್ಳಿ. ಬೆಳಕಿಗೆ ಮಾತ್ರವಲ್ಲ, ಕೈಗೂ ಅಷ್ಟು ಜಾಗ ಬೇಕು. ಸ್ಟ್ರಿಪ್ ಕೆಟ್ಟಾಗ ಬದಲಿಸುವುದು, ಧೂಳು ಒರೆಸುವುದು ಎರಡೂ ಆ ಸಂದಿನಿಂದಲೇ ಆಗಬೇಕು.

ಪಕ್ಕದ ಮನೆಯಲ್ಲಿ ಸೀಲಿಂಗ್ ತುಂಬ ಬೆಳಕು ಹರಡಿದೆ. ನಮ್ಮಲ್ಲಿ ಅಂಚಿನಲ್ಲೇ ನಿಂತು, ಕತ್ತರಿಸಿದ ಹಾಗೆ ಗೆರೆ ಬಿದ್ದಿದೆ. ಯಾಕೆ?

ಇದಕ್ಕೆ ಕಾರಣ ಬಹುತೇಕ ಒಂದೇ: ಅಂಚುಪಟ್ಟಿ ಬೇಕಾದ್ದಕ್ಕಿಂತ ಎತ್ತರವಾಗಿದೆ. ತಗ್ಗು ರೂಮಿನ ಕೋವ್ ಕೆಡುವುದು ಹೆಚ್ಚಾಗಿ ಇಲ್ಲೇ, ಹಾಗಾಗಿ ನಿಧಾನವಾಗಿ ಹೇಳುತ್ತೇನೆ.

ಸ್ಟ್ರಿಪ್ಪಿನಿಂದ ಹೊರಟ ಬೆಳಕು ಅಂಚುಪಟ್ಟಿಯ ತುದಿಯನ್ನು ಸವರಿಕೊಂಡು ಮೇಲಕ್ಕೆ ಓರೆಯಾಗಿ ಹೋಗುತ್ತದೆ. ಆ ಗೆರೆ ಸ್ಲ್ಯಾಬಿಗೆ ಮುಟ್ಟುವ ಜಾಗವೇ ಬೆಳಕಿನ ಕೊನೆ. ಅದರಾಚೆ ನೇರ ಬೆಳಕು ಬೀಳುವುದಿಲ್ಲ. ಈ ದೂರ ಮೂರು ಅಳತೆಗಳ ಮೇಲೆ ನಿಂತಿದೆ. ಒಂದು, ಸಂದು. ಎರಡು, ಸ್ಟ್ರಿಪ್ ಅಂಚುಪಟ್ಟಿಯಿಂದ ಎಷ್ಟು ಹಿಂದಿದೆ ಎನ್ನುವುದು. ಮೂರು, ಸ್ಟ್ರಿಪ್ಪಿಗಿಂತ ಅಂಚುಪಟ್ಟಿ ಎಷ್ಟು ಮೇಲಿದೆ ಎನ್ನುವುದು. ಈ ಮೂರನೆಯದನ್ನು ಮರೆ ಎನ್ನೋಣ.

ಹರವು = ಸಂದು × ಹಿಂದಿನ ದೂರ ÷ ಮರೆ

ನಮ್ಮ ರೂಮಿಗೆ ಹಾಕಿ ನೋಡೋಣ. ಒಟ್ಟು ಇಳಿತ 18, ತಳದ ದಪ್ಪ 4. ಪ್ರೊಫೈಲ್ ಎನ್ನುವ ಅಲ್ಯೂಮಿನಿಯಂ ಪಟ್ಟಿಯಲ್ಲಿ ಕೂತ ಸ್ಟ್ರಿಪ್ ಆ ತಳದ ಮೇಲೆ 2 ಸೆಂ.ಮೀ. ಎತ್ತರದಲ್ಲಿ, ಅಂಚಿನಿಂದ 8 ಸೆಂ.ಮೀ. ಹಿಂದೆ.

ಅಂಚುಪಟ್ಟಿಯನ್ನು ಮೂರು ಇಂಚಿನ ಅಂದಾಜಿಗೆ 7 ಸೆಂ.ಮೀ. ನಿಲ್ಲಿಸಿದ್ದಾರೆ ಎಂದುಕೊಳ್ಳಿ. ಸಂದು 7, ಮರೆ 5. ಹರವು 11 ಸೆಂ.ಮೀ. ಮಾತ್ರ! ಅಂಚಿನ ಪಕ್ಕ ಒಂದು ಗೇಣೂ ಬೆಳಕಿಲ್ಲ. ಅಂಚುಪಟ್ಟಿ 4 ಸೆಂ.ಮೀ. ಇದ್ದರೆ ಸಂದು 10, ಮರೆ 2, ಹರವು 40. ಇಲ್ಲೂ ಗೆರೆ ಎದ್ದು ಕಾಣುತ್ತದೆ. ಅದನ್ನೇ ಎರಡೂವರೆಗೆ ಇಳಿಸಿದರೆ ಸಂದು 11.5, ಮರೆ ಅರ್ಧ ಸೆಂ.ಮೀ., ಹರವು 184. ತೆರವಿನ ಅರ್ಧ ಅಗಲ 107 ಅಲ್ವಾ? ಎರಡೂ ಕಡೆಯ ಬೆಳಕು ನಡುವನ್ನು ದಾಟಿ ಒಂದರ ಮೇಲೊಂದು ಬೀಳುತ್ತದೆ, ಗೆರೆ ಮಾಯವಾಗುತ್ತದೆ.

ಮೂರರಲ್ಲೂ ಇಳಿತ ಅದೇ 18 ಸೆಂ.ಮೀ. ರೂಮಿನ ಎತ್ತರ ಒಂದು ಚೂರೂ ಜಾಸ್ತಿ ಖರ್ಚಾಗಿಲ್ಲ.

ಅಂಚುಪಟ್ಟಿ ಅಷ್ಟು ಚಿಕ್ಕದಾದರೆ ಸ್ಟ್ರಿಪ್ ಕಣ್ಣಿಗೆ ಹೊಡೆಯಲ್ವಾ?

ಹೊಡೆಯುವುದಿಲ್ಲ. ನಮ್ಮ ಕಣ್ಣು ಅಂಚುಪಟ್ಟಿಗಿಂತ ಕೆಳಗಿದೆ. ಅದರ ತುದಿಯ ಮೇಲಿಂದ ನೋಡುವ ನೋಟ ಮೇಲಕ್ಕೇ ಹೋಗುತ್ತದೆ. ಸ್ಟ್ರಿಪ್ಪು, ಪ್ರೊಫೈಲಿನ ಮೇಲಂಚು ಎರಡೂ ಆ ತುದಿಗಿಂತ ಕೂದಲೆಳೆ ಕೆಳಗಿದ್ದರೂ ಕಾಣುವುದಿಲ್ಲ. ಅರ್ಧ ಸೆಂ.ಮೀ. ಮರೆ ಇಡುವುದು ಕೆಲಸದಲ್ಲಿ ಬರುವ ಏರುಪೇರಿಗಾಗಿ.

ಎರಡು ಕಡೆ ಎಚ್ಚರ ಬೇಕು. ರೂಮಿನೊಳಗೆ ಮೆಟ್ಟಿಲೋ ಅಟ್ಟವೋ ಇದ್ದು ಅಲ್ಲಿಂದ ಕೆಳಗೆ ನೋಡುವಂತಿದ್ದರೆ ಸ್ಟ್ರಿಪ್ ಕಾಣುತ್ತದೆ. ಸ್ಲ್ಯಾಬಿಗೆ ಹೊಳೆಯುವ ಪೇಂಟ್ ಹೊಡೆದಿದ್ದರೆ ಅದರಲ್ಲಿ ಸ್ಟ್ರಿಪ್ಪಿನ ಚುಕ್ಕೆಗಳ ಪ್ರತಿಬಿಂಬ ಕಾಣುತ್ತದೆ. ಕೋವ್ ಇರುವ ಸೀಲಿಂಗಿಗೆ ಹೊಳಪಿಲ್ಲದ ಬಿಳಿ ಪೇಂಟೇ ಸರಿ.

ಸ್ಟ್ರಿಪ್ ನೇರ ಮೇಲಕ್ಕೆ ನೋಡಬೇಕಾ, ಓರೆಯಾಗಿರಬೇಕಾ?

ತಗ್ಗು ಕೋವ್‌ನಲ್ಲಿ ಓರೆಯೇ ಸರಿ. ಸ್ಟ್ರಿಪ್ ನೇರ ಮೇಲಕ್ಕಿದ್ದರೆ ಅದರ ತಲೆಯ ಮೇಲಿನ ಸ್ಲ್ಯಾಬ್ ಉರಿಯುವಷ್ಟು ಬೆಳಗುತ್ತದೆ, ಅರ್ಧ ಮೀಟರ್ ಒಳಗೆ ಬಂದರೆ ಮಂಕು. ಸ್ಟ್ರಿಪ್ಪಿನಿಂದ ಸ್ಲ್ಯಾಬಿಗೆ 12 ಸೆಂ.ಮೀ. ಇದ್ದಾಗ ಲೆಕ್ಕ ಹಾಕಿದರೆ ಈ ಎರಡು ಜಾಗಗಳ ನೇರ ಬೆಳಕಿನ ವ್ಯತ್ಯಾಸ ಸುಮಾರು 80 ಪಟ್ಟು. ಅದೇ ಸ್ಟ್ರಿಪ್ಪನ್ನು 45 ಡಿಗ್ರಿ ರೂಮಿನ ಕಡೆಗೆ ವಾಲಿಸಿದರೆ ವ್ಯತ್ಯಾಸ ಸುಮಾರು 15 ಪಟ್ಟಿಗೆ ಇಳಿಯುತ್ತದೆ. ವಾಲಿಸದೆ ಇದೇ ಫಲ ಬೇಕೆಂದರೆ 12ನ್ನು ಹೆಚ್ಚುಕಮ್ಮಿ ದುಪ್ಪಟ್ಟು ಮಾಡಬೇಕು. ಅಷ್ಟು ಎತ್ತರ ನಮ್ಮಲ್ಲಿಲ್ಲ.

ಇದಕ್ಕೆ ಮೂಲೆ ಪ್ರೊಫೈಲ್ ಎಂದೇ ಸಿಗುವ ಅಲ್ಯೂಮಿನಿಯಂ ಪಟ್ಟಿ ಬಳಸಿ. ಅದರ ಮುಖವೇ 45 ಡಿಗ್ರಿ ಇರುತ್ತದೆ, ಸ್ಟ್ರಿಪ್ಪಿನ ಬಿಸಿಯನ್ನೂ ಹೀರಿಕೊಳ್ಳುತ್ತದೆ. ಓರೆ ಮುಖದ ಕೆಳಭಾಗದ ಬೆಳಕು ಬೇಗ ಕತ್ತರಿಸಿಹೋಗುತ್ತದೆ, ಮೇಲ್ಭಾಗದ್ದು ದೂರ ಹೋಗುತ್ತದೆ. ಇದರಿಂದ ಬೆಳಕಿನ ಕೊನೆ ಇನ್ನೂ ಮೆತ್ತಗಾಗುತ್ತದೆ.

ಆದರೂ ಒಂದು ಮಾತು ಹೇಳಲೇಬೇಕು. ಏಳು ಇಂಚಿನ ಕೋವ್ ಇಡೀ ಸೀಲಿಂಗನ್ನು ಒಂದೇ ಸಮ ಬೆಳಗುವುದಿಲ್ಲ. ಅಂಚಿನಲ್ಲಿ ಜೋರು, ನಡುವಿಗೆ ನಿಧಾನವಾಗಿ ಕರಗುವ ಬೆಳಕು ಸಿಗುತ್ತದೆ. ಒಂದೇ ಸಮ ಬೇಕೆಂದು ಹಟ ಹಿಡಿದು ಒಂದು ಅಡಿ ಇಳಿಸುವುದು 9 ಅಡಿ ರೂಮಿಗೆ ನಷ್ಟದ ವ್ಯಾಪಾರ.

ಕೋವ್ ಹಾಕಿದ ಮೇಲೆ ಟ್ಯೂಬ್‌ಲೈಟ್ ಬೇಡ ಅಲ್ವಾ? ಅದೇ ಸಾಕಾಗುತ್ತಾ?

ಟಿವಿ ನೋಡಲು, ಮಾತಾಡಲು, ಮಲಗುವ ಮೊದಲು ಸಾಕು. ಓದಲು, ಬಟ್ಟೆ ಹುಡುಕಲು ಸಾಲದು. ಕೋವ್‌ನ ಬೆಳಕು ಮೊದಲು ಗೂಡಿನೊಳಗೆ, ಆಮೇಲೆ ಸ್ಲ್ಯಾಬಿನಲ್ಲಿ ಒಂದು ಪಾಲು ಕಳೆದುಕೊಂಡು ನಮಗೆ ಬರುತ್ತದೆ. ಅರ್ಧಕ್ಕಿಂತ ಹೆಚ್ಚು ಹೀಗೇ ಹೋಗಬಹುದು. ಗೂಡಿನ ಒಳಭಾಗಕ್ಕೆ ಪೇಂಟ್ ಹೊಡೆಯದೆ ಬಿಟ್ಟರೆ ಇನ್ನೂ ಜಾಸ್ತಿ. ಸ್ಟ್ರಿಪ್ಪಿನ ಹಿಂದೆ ಸ್ವಲ್ಪ ದೂರದಲ್ಲಿ ಒಂದು ಬೋರ್ಡು ನಿಲ್ಲಿಸಿ, ಗೂಡನ್ನು ಮುಚ್ಚಿ, ಒಳಗೆಲ್ಲ ಬಿಳಿ ಹೊಡೆಸಿ. ತೂಗುಕಂಬಿಗಳೂ ಆ ಬೋರ್ಡಿನ ಹಿಂದೆ ಹೋಗುತ್ತವೆ, ಅವುಗಳ ನೆರಳು ಬೀಳುವುದಿಲ್ಲ.

ಮೂಡಿಗೆ ಮಾತ್ರವಾದರೆ ಮೀಟರಿಗೆ 5 ವ್ಯಾಟ್ ಸಾಕು. ದಿನದ ಮುಖ್ಯ ಬೆಳಕಿನಲ್ಲಿ ಅದಕ್ಕೂ ಪಾಲಿರಬೇಕು ಎಂದರೆ 10 ಹಾಕಿ, ಡಿಮ್ಮರ್ ಇಡಿ. ಬಾರ್ಡರಿನಲ್ಲಿ ನಾಲ್ಕು ಡೌನ್‌ಲೈಟನ್ನು ಬೇರೆ ಸ್ವಿಚ್ಚಿಗೆ ಕೊಡಿ.

ಒಂದು ಕಡೆ ಜೋರಾಗಿ, ಇನ್ನೊಂದು ತುದಿಯಲ್ಲಿ ಮಂಕಾಗಿ ಉರಿಯುತ್ತೆ. ಸ್ಟ್ರಿಪ್ ಕಳಪೆಯದ್ದಾ?

ಇರಲಿಕ್ಕಿಲ್ಲ. ಉದ್ದದ ಸ್ಟ್ರಿಪ್ಪಿಗೆ ಒಂದೇ ತುದಿಯಿಂದ ಕರೆಂಟ್ ಕೊಟ್ಟಿರುತ್ತಾರೆ. ದೂರ ಹೋದಂತೆ ವೋಲ್ಟೇಜ್ ಇಳಿಯುತ್ತದೆ. 12 ವೋಲ್ಟಿನ ಸ್ಟ್ರಿಪ್ಪಿನಲ್ಲಿ 5 ಮೀಟರ್ ದಾಟಿದರೆ ಇದು ಕಣ್ಣಿಗೇ ಕಾಣುತ್ತದೆ. ಅದೇ ವ್ಯಾಟಿಗೆ 24 ವೋಲ್ಟಿನಲ್ಲಿ ಕರೆಂಟ್ ಅರ್ಧವಾಗುವುದರಿಂದ ತೊಂದರೆ ಬಹಳ ಕಡಿಮೆ.

ನಮ್ಮ ರೂಮಿನ ಸುತ್ತು ಸುಮಾರು 10.5 ಮೀಟರ್. 24 ವೋಲ್ಟಿನ ಸ್ಟ್ರಿಪ್ಪನ್ನು ಎರಡು ಸಮ ತುಂಡು ಮಾಡಿ, ಒಂದೇ ಮೂಲೆಯಿಂದ ಎರಡೂ ಕಡೆಗೆ ಬೇರೆ ಬೇರೆ ವೈರಿನಲ್ಲಿ ಕರೆಂಟ್ ಕೊಡಿ. ಮೀಟರಿಗೆ 10 ವ್ಯಾಟ್‌ನಂತೆ ಒಟ್ಟು 105 ವ್ಯಾಟ್. ಮನೆಯ ಕರೆಂಟನ್ನು 24 ವೋಲ್ಟಿಗೆ ಇಳಿಸಿ ಕೊಡುವ ಪೆಟ್ಟಿಗೆಗೆ ಡ್ರೈವರ್ ಎನ್ನುತ್ತಾರೆ. ಅದರ ಮೇಲೆ ನೂರಕ್ಕೆ 80ಕ್ಕಿಂತ ಹೆಚ್ಚು ಭಾರ ಹಾಕಬಾರದು, ಹಾಗಾಗಿ 150 ವ್ಯಾಟಿನದು ಬೇಕು. ಅದನ್ನು ಬೋರ್ಡಿನ ಮೇಲೆ ಹೂತಿಡಬೇಡಿ. ಇಡೀ ಕೋವ್‌ನಲ್ಲಿ ಮೊದಲು ಕೆಡುವ ವಸ್ತು ಅದೇ ಆಗಿರುತ್ತದೆ. ಬೀರುವಿನ ಮೇಲೋ, ಕೈ ಹಾಕಿ ತೆಗೆಯಬಹುದಾದ ಮುಚ್ಚಳದ ಒಳಗೋ ಇರಲಿ. ಎಲ್ಲ ಸ್ಟ್ರಿಪ್ಪನ್ನೂ ಒಂದೇ ಬ್ಯಾಚಿನಿಂದ ಕೊಳ್ಳಿ. ಬೇರೆ ಬ್ಯಾಚಿನದಾದರೆ ಬಿಳಿಯೂ ಬೇರೆಯಾಗಿ ಕಾಣಬಹುದು.

## ಇಕ್ಕಟ್ಟಿನ ಪ್ರಶ್ನೆಗಳು

ಹಗಲಲ್ಲಿ ಸ್ಲ್ಯಾಬ್ ನುಣ್ಣಗೆ ಕಾಣುತ್ತೆ. ಕೋವ್ ಹಾಕಿದ ತಕ್ಷಣ ಉಬ್ಬು ತಗ್ಗು ಎಲ್ಲಾ ಎದ್ದು ಬಂತು. ಏನು ಮಾಡೋದು?

ಕೋವ್ ಬೆಳಕು ಸ್ಲ್ಯಾಬನ್ನು ಪಕ್ಕದಿಂದ ಸವರಿಕೊಂಡು ಹೋಗುತ್ತದೆ. ಒಂದು ಮಿಲಿಮೀಟರ್ ಉಬ್ಬಿಗೂ ಅದರ ಹಲವು ಪಟ್ಟು ಉದ್ದದ ನೆರಳು ಬೀಳುತ್ತದೆ. ಕರಣೆ ಎಳೆದ ಗುರುತು, ಸೆಂಟ್ರಿಂಗ್ ಹಲಗೆಯ ಜೋಡಣೆ, ಹಳೆಯ ಪುಟ್ಟಿಯ ತೇಪೆ ಎಲ್ಲವೂ ಕಾಣುತ್ತವೆ. ಇಳಿತ ಕಡಿಮೆಯಾದಷ್ಟೂ ಬೆಳಕು ಹೆಚ್ಚು ಓರೆಯಾಗುತ್ತದೆ. ಹಾಗಾಗಿ ಈ ಕಾಟ ತಗ್ಗು ಕೋವ್‌ಗೇ ಜಾಸ್ತಿ.

ಬಾರ್ಡರ್ ಕಟ್ಟುವ ಮೊದಲು ರಾತ್ರಿ ಒಂದು ಟಾರ್ಚನ್ನು ಸ್ಲ್ಯಾಬಿಗೆ ಒತ್ತಿ ಹಿಡಿದು ನೋಡಿ. ಕಾಣುವ ಏರುಪೇರಿಗೆ ಗುರುತು ಹಾಕಿ, ಪುಟ್ಟಿ ಹಾಕಿಸಿ, ಉಜ್ಜಿಸಿ, ಮತ್ತೆ ಟಾರ್ಚ್ ಹಿಡಿಯಿರಿ. ಸಾಮಾನ್ಯ ಬೆಳಕಿನಲ್ಲಿ ನೋಡಿ ಒಪ್ಪಿಕೊಂಡರೆ ಮೋಸ ಹೋಗುತ್ತೀರಿ. ಸ್ಲ್ಯಾಬ್ ತೀರಾ ಕೆಟ್ಟಿದ್ದರೆ ನಡುವಿಗೂ ಬೋರ್ಡನ್ನು ಸ್ಲ್ಯಾಬಿಗೆ ಅಂಟಿದ ಹಾಗೆ, ನೇರ ಬ್ರಾಕೆಟ್‌ನಲ್ಲಿ ಹೊಡೆಸಬಹುದು. ಅದಕ್ಕೆ 5 ಸೆಂ.ಮೀ. ಹೋಗುತ್ತದೆ. ಆಗ ಬಾರ್ಡರ್ ಕೂಡ ಅಷ್ಟೇ ಕೆಳಗಿಳಿದು 251ಕ್ಕೆ ಬರುತ್ತದೆ. ಪುಟ್ಟಿಯಲ್ಲಿ ಮುಗಿಯುವಂತಿದ್ದರೆ ಪುಟ್ಟಿಯೇ ಮೇಲು.

ಎಸಿ, ಪರದೆ, ತೊಲೆ ಇದ್ದ ಕಡೆ ಬಾರ್ಡರ್ ಹೇಗೆ ತಗೊಂಡು ಹೋಗೋದು?

ಎಲ್ಲ ಗೋಡೆಗೂ ಬಾರ್ಡರ್ ಇರಲೇಬೇಕು ಎಂದೇನೂ ಇಲ್ಲ. ಸ್ಪ್ಲಿಟ್ ಎಸಿಯ ಒಳಗಿನ ಯೂನಿಟ್ ಗಾಳಿಯನ್ನು ಮೇಲಿನಿಂದ ಎಳೆದುಕೊಳ್ಳುತ್ತದೆ. ಅದರ ಮೇಲೆ ಎಷ್ಟು ಜಾಗ ಬಿಡಬೇಕೆಂದು ಅದರ ಕೈಪಿಡಿಯಲ್ಲಿ ಬರೆದಿರುತ್ತದೆ. ಆ ಅಳತೆಯನ್ನು ಬಾರ್ಡರಿನ ತಳದಿಂದ ಹಿಡಿಯಬೇಕು, ಸ್ಲ್ಯಾಬಿನಿಂದ ಅಲ್ಲ. ಕಿಟಕಿಯ ಗೋಡೆಯಲ್ಲಿ ಬಾರ್ಡರನ್ನು 15ರಿಂದ 20 ಸೆಂ.ಮೀ. ಮುಂದಕ್ಕೆ ನಿಲ್ಲಿಸಿ, ಹಿಂದೆ ಸಂದು ಬಿಟ್ಟು, ಪರದೆಯ ಟ್ರ್ಯಾಕನ್ನು ಸ್ಲ್ಯಾಬಿಗೇ ಹೊಡೆಸಿ. ಪರದೆ ಸ್ಲ್ಯಾಬಿನಿಂದಲೇ ಇಳಿದರೆ ಆ ಗೋಡೆ ಎತ್ತರವಾಗಿ ಕಾಣುತ್ತದೆ. ತೊಲೆ ಇದ್ದರೆ ಬಾರ್ಡರಿನ ತಳವನ್ನು ಅದರ ತಳಕ್ಕೆ ಸಮ ಮಾಡಿ. ಅದನ್ನು ಮುಚ್ಚಲು ಹೋಗಿ ಇನ್ನೂ ಕೆಳಗಿಳಿಯಬೇಡಿ.

ವರ್ಷದೊಳಗೆ ತೆರವಿನ ಮೂಲೆಯಲ್ಲಿ ಓರೆ ಬಿರುಕು ಬಂದಿದೆ. ಸೀಲಿಂಗ್ ಬೀಳುತ್ತಾ?

ಸಾಮಾನ್ಯವಾಗಿ ಬೀಳುವುದಿಲ್ಲ. ಬೋರ್ಡಿನ ಜೋಡಣೆಯನ್ನು ಸರಿಯಾಗಿ ಮೂಲೆಗೇ ತಂದಾಗ ಹೀಗಾಗುತ್ತದೆ. ಮೂಲೆಯಲ್ಲಿ ಬೋರ್ಡನ್ನು ಎಲ್ ಆಕಾರದಲ್ಲಿ ಕತ್ತರಿಸಿ, ಜೋಡಣೆಯನ್ನು ಪಕ್ಕಕ್ಕೆ ತರಬೇಕು. ಗೋಡೆ ಸೇರುವ ಕಡೆಯ ಕೂದಲು ಬಿರುಕಿಗೆ ಪೇಂಟ್ ಬಳಿಯುತ್ತಾ ಕೂರುವ ಬದಲು, ಮೊದಲೇ ಒಂದು ಸೆಂ.ಮೀ. ಗ್ರೂವ್ ಬಿಡಿಸುವುದು ಮೇಲು. ಬಿರುಕಿನ ಜೊತೆ ಬೋರ್ಡು ಜೋತಿದ್ದರೆ ಅಥವಾ ಹಳದಿ ಕಲೆ ಇದ್ದರೆ ವಿಷಯ ಬೇರೆ. ಮೊದಲನೆಯದು ತೂಗುಕಂಬಿಯ ದೋಷವಿರಬಹುದು, ಎರಡನೆಯದು ನೀರು. ಕೂಡಲೇ ಬಿಚ್ಚಿಸಿ ನೋಡಿ.

ಕೆಲಸ ಮುಗಿದು ಹೋಗಿದೆ, ಅಂಚುಪಟ್ಟಿ ಎತ್ತರವಾಗಿಬಿಟ್ಟಿದೆ. ಬಿಚ್ಚದೆ ಸರಿ ಮಾಡಬಹುದಾ?

ಆಗುತ್ತದೆ. ಅಂಚುಪಟ್ಟಿ ಇಳಿಸಲಾಗದಿದ್ದರೆ ಸ್ಟ್ರಿಪ್ಪನ್ನು ಏರಿಸಿ. 7 ಸೆಂ.ಮೀ. ಅಂಚುಪಟ್ಟಿಯ ಹಿಂದೆ ನಾಲ್ಕೂವರೆ ಸೆಂ.ಮೀ. ಎತ್ತರದ ಬಿಳಿ ಪಟ್ಟಿಯನ್ನು ಕೂರಿಸಿ, ಅದರ ಮೇಲೆ ಪ್ರೊಫೈಲ್ ಇಡಿ. ಮರೆ 5ರಿಂದ ಅರ್ಧ ಸೆಂ.ಮೀ.ಗೆ ಇಳಿಯುತ್ತದೆ, ಹರವು 11ರಿಂದ 112 ಸೆಂ.ಮೀ.ಗೆ ಏರುತ್ತದೆ. ಇದಕ್ಕೂ ಒಂದು ಬೆಲೆಯಿದೆ. ಸ್ಟ್ರಿಪ್ ಈಗ ಸ್ಲ್ಯಾಬಿನಿಂದ ಏಳೂವರೆ ಸೆಂ.ಮೀ. ದೂರದಲ್ಲಷ್ಟೇ ಇರುತ್ತದೆ, ಅಂಚಿನ ಬೆಳಕು ಇನ್ನೂ ಚುರುಕಾಗುತ್ತದೆ. ಓರೆ ಪ್ರೊಫೈಲ್ ಮತ್ತು ಡಿಮ್ಮರ್ ಎರಡೂ ಇದ್ದರೆ ಒಪ್ಪುವಂತೆ ಕಾಣುತ್ತದೆ.

ನಮ್ಮದು ಎಂಟೂವರೆ ಅಡಿಯೂ ಇಲ್ಲ. ಆದರೂ ಆ ಥರದ ಬೆಳಕು ಬೇಕು. ಏನಾದರೂ ದಾರಿ ಇದೆಯಾ?

ಇದೆ. ಸೀಲಿಂಗನ್ನು ಮುಟ್ಟಲೇಬೇಡಿ. ಸ್ಲ್ಯಾಬಿನಿಂದ 10, 12 ಸೆಂ.ಮೀ. ಕೆಳಗೆ ಗೋಡೆಗೆ ಅಂಟಿಸುವ ಮೋಲ್ಡಿಂಗ್ ಪಟ್ಟಿ ಹಾಕಿ, ಅದರ ಹಿಂದೆ ಸ್ಟ್ರಿಪ್ ಇಡಿ. ಪಟ್ಟಿ ಗೋಡೆಯಿಂದ ಮುಂದೆ ಬರುವುದು ಕೆಲವೇ ಸೆಂ.ಮೀ. ರೂಮಿನ ಎತ್ತರ ಪೂರ್ತಿ ಉಳಿಯುತ್ತದೆ. ಸ್ಟ್ರಿಪ್ ಅಂಚಿಗೆ ಹತ್ತಿರ ಬರುವುದರಿಂದ ಇಲ್ಲಿ ಮರೆಯನ್ನು ಇನ್ನೂ ಕಡಿಮೆ ಇಡಬೇಕು. ನಾಲ್ಕೂ ಗೋಡೆಗೆ ಬೇಡ, ಎದುರುಬದುರಿನ ಎರಡು ಉದ್ದ ಗೋಡೆಗೆ ಹಾಕಿದರೆ ಸಾಕು. ಬೀರು ಸ್ಲ್ಯಾಬಿನವರೆಗೆ ಇಲ್ಲದಿದ್ದರೆ ಅದರ ತಲೆಯ ಮೇಲೂ ಒಂದು ಸ್ಟ್ರಿಪ್ ಇಡಬಹುದು.

ದುಡ್ಡು ಕೊಡೋ ಮೊದಲು ಹೇಗೆ ಕಾಣುತ್ತೆ ಅಂತ ನೋಡೋಕೆ ಆಗುತ್ತಾ?

ಆಗುತ್ತದೆ, ಒಂದು ರಾತ್ರಿಯ ಕೆಲಸ. ದಪ್ಪ ರಟ್ಟಿನಲ್ಲಿ 45 ಸೆಂ.ಮೀ. ಅಗಲ, ಒಂದೂವರೆ ಮೀಟರ್ ಉದ್ದದ ತಟ್ಟೆ ಮಾಡಿ. ಒಳಗೆ ಬಿಳಿ ಕಾಗದ ಅಂಟಿಸಿ. ಬೀರುವಿನ ಮೇಲೋ ಎರಡು ಏಣಿಗಳ ಮೇಲೋ ಇಟ್ಟು, ಅದರ ಒಳತಳ ಸ್ಲ್ಯಾಬಿನಿಂದ 14 ಸೆಂ.ಮೀ. ಕೆಳಗೆ ಬರುವಂತೆ ನಿಲ್ಲಿಸಿ. ಒಂದು ತುಂಡು ಸ್ಟ್ರಿಪ್ಪನ್ನು ಆ ತಳದಿಂದ 2 ಸೆಂ.ಮೀ. ಎತ್ತರದಲ್ಲಿ, ಅಂಚಿನಿಂದ 8 ಸೆಂ.ಮೀ. ಹಿಂದೆ ಹಾಕಿ, ಉಳಿದ ದೀಪ ಆರಿಸಿ. ರಟ್ಟಿನ ಅಂಚುಪಟ್ಟಿಯನ್ನು ಮೊದಲು 7 ಸೆಂ.ಮೀ. ಇಟ್ಟು ನೋಡಿ, ಆಮೇಲೆ ಕತ್ತರಿಯಿಂದ ಸ್ವಲ್ಪ ಸ್ವಲ್ಪ ಕತ್ತರಿಸುತ್ತಾ ಬನ್ನಿ. ಬೆಳಕು ಒಳಕ್ಕೆ ಜರುಗುವುದು ಕಣ್ಣೆದುರೇ ಕಾಣುತ್ತದೆ. ಹಾಸಿಗೆಯ ಮೇಲೆ ಮಲಗಿ, ಬಾಗಿಲಲ್ಲಿ ನಿಂತು, ಎರಡೂ ಕಡೆಯಿಂದ ನೋಡಿ. ನಿಮಗೆ ಒಪ್ಪಿಗೆಯಾದ ಅಂಚುಪಟ್ಟಿಯ ಅಳತೆಯನ್ನು ಮಿಲಿಮೀಟರಿನಲ್ಲಿ ಬರೆದು, ಚಿತ್ರದ ಜೊತೆ ಸೀಲಿಂಗ್ ಕೆಲಸದವರ ಕೈಗೆ ಕೊಡಿ.